ಪಾಲುದಾರಿಕೆಯಲ್ಲಿ ಯಾರಿಗೆ ಎಷ್ಟು? ಅನುಪಾತ, ಬಂಡವಾಳದ ಬಡ್ಡಿ, ಸಂಬಳ: ಹಂತ ಹಂತವಾಗಿ ಲೆಕ್ಕ

ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಪ್ರತಿ ವರ್ಷ ಮಾರ್ಚ್ ಮುಗಿದ ಮೇಲೆ ಒಂದೇ ತಪ್ಪು ಬೇರೆ ಬೇರೆ ರೂಪದಲ್ಲಿ ನನ್ನ ಟೇಬಲ್ಲಿಗೆ ಬರುತ್ತದೆ. ಲಾಭ ಎಷ್ಟು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಅದನ್ನು ಹಂಚುವಾಗ ಯಾವುದು ಮೊದಲು, ಯಾವುದು ಆಮೇಲೆ ಅನ್ನುವಲ್ಲಿ ಎಡವುತ್ತಾರೆ. ಅದಕ್ಕಿಂತ ಜಾಸ್ತಿ ಎಡವುವುದು, ಪಾಲುದಾರನ ಸಂಬಳವನ್ನು "ಅಂಗಡಿ ಕೊಡುವ ದುಡ್ಡು" ಅಂತ ತಿಳಿದುಕೊಂಡು. ಅಂಗಡಿಗೆ ಬೇರೆ ಜೇಬಿಲ್ಲ. ಒಬ್ಬ ಪಾಲುದಾರನಿಗೆ ಕೊಟ್ಟ ಸಂಬಳ ಎಲ್ಲ ಪಾಲುದಾರರ ಲಾಭದಿಂದ ಹೋಗುತ್ತದೆ, ಸಂಬಳ ತೆಗೆದುಕೊಂಡವನ ಲಾಭದಿಂದಲೂ.

ಲೆಕ್ಕಕ್ಕೆಂದು ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಅಂದುಕೊಳ್ಳೋಣ. ಮೂವರು ಪಾಲುದಾರರು. ಮಂಜಣ್ಣ ದುಡ್ಡು ಹಾಕಿದ್ದಾರೆ, ಅಂಗಡಿಗೆ ಬರುವುದು ಹಬ್ಬಕ್ಕೆ ಮಾತ್ರ. ಸುರೇಶ ಬೆಳಿಗ್ಗೆ ಷಟರ್ ಎತ್ತಿದರೆ ರಾತ್ರಿ ಇಳಿಸುವವರೆಗೂ ಅಲ್ಲೇ. ಗಿರಿಜಕ್ಕ ಬಿಲ್ಲು, ಬ್ಯಾಂಕು ನೋಡಿಕೊಳ್ಳುತ್ತಾರೆ. ಬಂಡವಾಳ ಮಂಜಣ್ಣನದು 12,00,000, ಸುರೇಶನದು 6,00,000, ಗಿರಿಜಕ್ಕನದು 2,00,000 ರೂಪಾಯಿ. ಲಾಭ ಹಂಚುವ ಅನುಪಾತ 5:3:2. ವರ್ಷ 2025-26.

## ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ನಾಲ್ಕು ಕಾಗದ ಸಾಕು. ಪಾಲುದಾರಿಕೆ ಪತ್ರ, ಅಂದರೆ ಡೀಡ್. ಅದಕ್ಕೆ ಆಮೇಲೆ ತಿದ್ದುಪಡಿ ಮಾಡಿದ್ದರೆ ಅದೂ ಬೇಕು. ವರ್ಷದ ಲಾಭ-ನಷ್ಟ ಖಾತೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಪ್ರತಿ ಪಾಲುದಾರರ ಬಂಡವಾಳ ಖಾತೆಯ ಲೆಡ್ಜರ್, ತಾರೀಖು ಸಮೇತ. ಕೊನೆಯದಾಗಿ, ಯಾರಾದರೂ ಅಂಗಡಿಗೆ ಸಾಲ ಕೊಟ್ಟಿದ್ದರೆ ಅದರ ವಿವರ.

ಡೀಡಿನ ಮೂಲ ಪ್ರತಿಯನ್ನೇ ತೆಗೆಯಿರಿ. "ನಮ್ಮದು ಐದು-ಮೂರು-ಎರಡು, ನಂಗೆ ನೆನಪಿದೆ" ಅನ್ನುವ ಮಾತಿನ ಮೇಲೆ ಲೆಕ್ಕ ಬರೆದು ನಾನು ಒಮ್ಮೆ ಪೂರ್ತಿ ವರ್ಷದ ಹಂಚಿಕೆಯನ್ನು ಮತ್ತೆ ಮಾಡಬೇಕಾಯಿತು. ಎರಡು ವರ್ಷದ ಹಿಂದೆಯೇ ಅವರು ಅನುಪಾತ ಬದಲಿಸಿ ಸಹಿ ಹಾಕಿದ್ದರು, ಮರೆತಿದ್ದರು ಅಷ್ಟೆ.

## ಹಂತ 1: ಡೀಡಿನಲ್ಲಿ ಏನಿದೆ, ಏನಿಲ್ಲ ಅಂತ ಗುರುತು ಹಾಕಿ

ಐದು ಪ್ರಶ್ನೆ ಕೇಳಿಕೊಳ್ಳಿ. ಅನುಪಾತ ಬರೆದಿದೆಯಾ? ಬಂಡವಾಳದ ಮೇಲೆ ಬಡ್ಡಿ ಇದೆಯಾ, ಎಷ್ಟು? ಸಂಬಳ ಯಾರಿಗೆ, ತಿಂಗಳಿಗೆ ಎಷ್ಟು? ಡ್ರಾಯಿಂಗ್ಸ್, ಅಂದರೆ ಪಾಲುದಾರರು ಸ್ವಂತಕ್ಕೆ ಎತ್ತಿದ ದುಡ್ಡಿನ ಮೇಲೆ ಬಡ್ಡಿ ಹಾಕಬೇಕಾ? ಲಾಭ ಸಾಲದೆ ಹೋದರೆ ಸಂಬಳ-ಬಡ್ಡಿ ಕೊಡಬೇಕಾ, ಬೇಡವಾ?

ಕೊನೆಯ ಪ್ರಶ್ನೆಗೆ ಬಹಳ ಡೀಡುಗಳಲ್ಲಿ ಉತ್ತರವೇ ಇರುವುದಿಲ್ಲ. ಅದರಿಂದ ಏನಾಗುತ್ತದೆ ಅಂತ ಹಂತ 7ರಲ್ಲಿ ನೋಡೋಣ.

ಡೀಡ್ ಬಾಯಿ ಬಿಡದ ಕಡೆ ಭಾರತೀಯ ಪಾಲುದಾರಿಕೆ ಕಾಯ್ದೆ, 1932ರ ಕಲಂ 13 ಮಾತಾಡುತ್ತದೆ. ಅನುಪಾತ ಬರೆದಿಲ್ಲ ಅಂದರೆ ಲಾಭವೂ ನಷ್ಟವೂ ಸಮಪಾಲು. ಸಂಬಳದ ಮಾತಿಲ್ಲ ಅಂದರೆ ಸಂಬಳ ಇಲ್ಲ, ನೀವು ದಿನಕ್ಕೆ ಹದಿನಾಲ್ಕು ಗಂಟೆ ದುಡಿದಿದ್ದರೂ ಇಲ್ಲ. ಬಂಡವಾಳದ ಮೇಲೆ ಬಡ್ಡಿ ಕೊಡಬೇಕು ಅಂತ ಬರೆದಿದ್ದರೂ ಅದು ಲಾಭದಿಂದ ಮಾತ್ರ. ಆದರೆ ಬಂಡವಾಳಕ್ಕಿಂತ ಹೆಚ್ಚಾಗಿ ಒಬ್ಬರು ಅಂಗಡಿಗೆ ಕೈಸಾಲ ಕೊಟ್ಟಿದ್ದರೆ ಅದಕ್ಕೆ ವರ್ಷಕ್ಕೆ ಶೇಕಡಾ 6 ಬಡ್ಡಿ ಸಿಗುತ್ತದೆ.

ಇಲ್ಲಿ ಆಗುವ ತಪ್ಪು: ಅನುಪಾತ ಬರೆದಿಲ್ಲದಿದ್ದಾಗ ಬಂಡವಾಳದ ಪ್ರಮಾಣದಲ್ಲಿ ಹಂಚಿಬಿಡುವುದು. ನ್ಯಾಯ ಅನ್ನಿಸುತ್ತದೆ ನಿಜ, ಕಾಯ್ದೆ ಹಾಗೆ ಹೇಳುವುದಿಲ್ಲ. ನಮ್ಮ ಅಂಗಡಿಗೆ ಡೀಡೇ ಇಲ್ಲದೆ 9,00,000 ಲಾಭ ಬಂದಿದ್ದರೆ 12 ಲಕ್ಷ ಹಾಕಿದ ಮಂಜಣ್ಣನಿಗೂ 3,00,000, 2 ಲಕ್ಷ ಹಾಕಿದ ಗಿರಿಜಕ್ಕನಿಗೂ 3,00,000.

ನಮ್ಮ ಉದಾಹರಣೆಯ ಡೀಡಿನಲ್ಲಿ ಬಂಡವಾಳದ ಮೇಲೆ ಶೇಕಡಾ 10 ಬಡ್ಡಿ, ಸುರೇಶನಿಗೆ ತಿಂಗಳಿಗೆ 20,000, ಗಿರಿಜಕ್ಕನಿಗೆ ತಿಂಗಳಿಗೆ 5,000 ಸಂಬಳ ಇದೆ. ಡ್ರಾಯಿಂಗ್ಸ್ ಬಡ್ಡಿಯ ಮಾತಿಲ್ಲ, ಹಾಗಾಗಿ ಹಾಕುವಂತಿಲ್ಲ.

## ಹಂತ 2: ಹಂಚಬೇಕಾದ ಲಾಭ ಯಾವುದು ಅಂತ ಸರಿ ಮಾಡಿಕೊಳ್ಳಿ

ಹಂಚಿಕೆ ಶುರುವಾಗುವುದು ಪಾಲುದಾರರ ಸಂಬಳ ಮತ್ತು ಬಂಡವಾಳದ ಬಡ್ಡಿ ಕಳೆಯುವ *ಮುಂಚಿನ* ಲಾಭದಿಂದ. ಆದರೆ ಪಾಲುದಾರರು ಕೊಟ್ಟ ಸಾಲದ ಬಡ್ಡಿ, ಪಾಲುದಾರರ ಕಟ್ಟಡಕ್ಕೆ ಕೊಡುವ ಬಾಡಿಗೆ, ಇವು ಮಾಮೂಲಿ ಖರ್ಚು. ಇವನ್ನು ಕಳೆದ *ಮೇಲಿನ* ಲಾಭ ಬೇಕು. ಹೊರಗಿನವರಿಗೆ ಕೊಟ್ಟಿದ್ದರೆ ಹೇಗೋ ಹಾಗೇ.

ನಮ್ಮ ಅಂಗಡಿಯ ಲಾಭ-ನಷ್ಟ ಖಾತೆ 6,66,000 ತೋರಿಸುತ್ತಿದೆ ಅಂದುಕೊಳ್ಳಿ. ಸುರೇಶ ಪ್ರತಿ ತಿಂಗಳು ತೆಗೆದುಕೊಂಡ 20,000ವನ್ನು ಯಾರೋ ಹುಡುಗರ ಸಂಬಳದ ಜೊತೆಗೇ ಸೇರಿಸಿ ಖರ್ಚು ಹಾಕಿದ್ದಾರೆ. ಅದು 2,40,000. ವಾಪಸ್ ಕೂಡಿಸಿದರೆ 9,06,000. ಗಿರಿಜಕ್ಕ ಏಪ್ರಿಲ್ 1ರಂದು 1,00,000 ಕೈಸಾಲ ಕೊಟ್ಟಿದ್ದಾರೆ, ಬಡ್ಡಿ ಬಗ್ಗೆ ಮಾತಾಡಿಲ್ಲ. ಹಾಗಾಗಿ ಶೇಕಡಾ 6ರಂತೆ 6,000 ಕಳೆಯಬೇಕು. ಉಳಿದದ್ದು 9,00,000. ಹಂಚಬೇಕಾದ್ದು ಇದು.

ಸುರೇಶ ಈಗಾಗಲೇ ತೆಗೆದುಕೊಂಡ 2,40,000 ಏನಾಯಿತು? ಅದು ಅವನ ಖಾತೆಯ ಡೆಬಿಟ್ ಬದಿಗೆ ಹೋಗುತ್ತದೆ. ವರ್ಷದ ಕೊನೆಗೆ ಸಂಬಳ ಅಂತ 2,40,000 ಕ್ರೆಡಿಟ್ ಆದಾಗ ಎರಡೂ ಸರಿಹೋಗುತ್ತವೆ.

ಎಚ್ಚರಿಕೆಯ ಗುರುತು: ಲಾಭ-ನಷ್ಟ ಖಾತೆಯ "ಸಂಬಳ" ಸಾಲು ಹೋದ ವರ್ಷಕ್ಕಿಂತ ಸರಿಯಾಗಿ ಒಬ್ಬ ಪಾಲುದಾರನ ಸಂಬಳದಷ್ಟು ಏರಿದ್ದರೆ ಒಳಗೆ ತೆಗೆದು ನೋಡಿ. ಒಂದೇ ಸಂಬಳ ಖರ್ಚಿನಲ್ಲೂ ಕಳೆದು, ಹಂಚಿಕೆಯಲ್ಲೂ ಕಳೆದು ಹೋಗಿರುತ್ತದೆ. ಸುರೇಶನ ವಿಷಯದಲ್ಲಿ ಹಾಗಾದರೆ ಮೂವರ ಲಾಭ ಸೇರಿ ಸುಮ್ನೆ 2,40,000 ಕಡಿಮೆ ಕಾಣಿಸುತ್ತದೆ.

## ಹಂತ 3: ಬಂಡವಾಳದ ಬಡ್ಡಿ, ಸರಿಯಾದ ಬಾಕಿಯ ಮೇಲೆ

ಬಡ್ಡಿ ಹಾಕುವುದು ವರ್ಷದ ಶುರುವಿನ ಬಂಡವಾಳದ ಮೇಲೆ. ನಡುವೆ ಸೇರಿಸಿದ ದುಡ್ಡಿಗೆ ಎಷ್ಟು ತಿಂಗಳು ಅಂಗಡಿಯಲ್ಲಿತ್ತೋ ಅಷ್ಟಕ್ಕೆ ಮಾತ್ರ.

ಮಂಜಣ್ಣನ 12 ಲಕ್ಷ ಏಪ್ರಿಲ್ 1ರಿಂದಲೇ ಇತ್ತು. ಹಾಗಾಗಿ 1,20,000. ಅದರ ಬದಲು ಏಪ್ರಿಲ್‌ನಲ್ಲಿ 9 ಲಕ್ಷ ಇದ್ದು, ಅಕ್ಟೋಬರ್ 1ಕ್ಕೆ 3 ಲಕ್ಷ ಸೇರಿಸಿದ್ದರೆ? 9 ಲಕ್ಷಕ್ಕೆ ಪೂರ್ತಿ ವರ್ಷದ 90,000, 3 ಲಕ್ಷಕ್ಕೆ ಆರು ತಿಂಗಳ 15,000, ಒಟ್ಟು 1,05,000. ಮಾರ್ಚ್ 31ರ ಬಾಕಿ ನೋಡಿ 1,20,000 ಹಾಕಿಬಿಟ್ಟರೆ ಆ 15,000 ಉಳಿದ ಇಬ್ಬರ ಪಾಲಿನಿಂದಲೂ ಹೋಗುತ್ತದೆ.

ತಿರುಗುಮುರುಗಾದ ತಪ್ಪೂ ಇದೆ. ಸುರೇಶ ಮನೆ ರಿಪೇರಿಗೆ ಅಂತ 1,00,000 ಡ್ರಾಯಿಂಗ್ಸ್ ತೆಗೆದಿದ್ದಾನೆ ಅನ್ನಿ. ಲೆಡ್ಜರಿನಲ್ಲಿ ಬಾಕಿ 5,00,000 ಕಾಣುತ್ತದೆ, ಬಡ್ಡಿ 50,000 ಹಾಕಿಬಿಡುತ್ತಾರೆ. ಬರಬೇಕಾದ ಲಾಭದ ಎದುರಿಗೆ ಎತ್ತಿದ ದುಡ್ಡು ಬಂಡವಾಳದ ಬಡ್ಡಿಯನ್ನು ಇಳಿಸುವುದಿಲ್ಲ. ಅವನಿಗೆ 60,000ವೇ ಸರಿ. ಬಂಡವಾಳವನ್ನೇ ವಾಪಸ್ ತೆಗೆದಿದ್ದರೆ ಮಾತು ಬೇರೆ, ಆಗ ತೆಗೆದ ತಾರೀಖಿನಿಂದ ಬಡ್ಡಿ ನಿಲ್ಲುತ್ತದೆ. ಯಾವುದು ಯಾವುದು ಅಂತ ಎಂಟ್ರಿ ಹಾಕುವ ದಿನವೇ ಬರೆದಿಡಿ. ಮಾರ್ಚ್‌ನಲ್ಲಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಈಗ ಬಡ್ಡಿ: ಮಂಜಣ್ಣ 1,20,000, ಸುರೇಶ 60,000, ಗಿರಿಜಕ್ಕ 20,000. ಒಟ್ಟು 2,00,000. ಲಾಭದಲ್ಲಿ ಉಳಿದದ್ದು 7,00,000.

## ಹಂತ 4: ಸಂಬಳ

ಇದು ಚಿಕ್ಕ ಹಂತ. ಸುರೇಶ 2,40,000, ಗಿರಿಜಕ್ಕ 60,000, ಒಟ್ಟು 3,00,000. ಉಳಿದದ್ದು 4,00,000.

ನೋಡಬೇಕಾದ್ದು ಎರಡೇ. ವರ್ಷದ ನಡುವೆ ಸಂಬಳ ಏರಿಸಿದ್ದರೆ ಯಾವ ತಿಂಗಳಿಂದ ಅಂತ ನೋಡಿ. ಪೂರ್ತಿ ಸಂಬಳ ಕೈಗೆ ತೆಗೆದುಕೊಳ್ಳದಿದ್ದರೂ ಡೀಡಿನಲ್ಲಿರುವಷ್ಟೇ ಕ್ರೆಡಿಟ್ ಮಾಡಿ. ಗಿರಿಜಕ್ಕ ವರ್ಷಪೂರ್ತಿ ಒಂದು ರೂಪಾಯಿ ಎತ್ತಿಲ್ಲ ಅಂದರೂ 60,000 ಅವರ ಖಾತೆಗೆ ಬರಬೇಕು.

## ಹಂತ 5: ಉಳಿದದ್ದನ್ನು ಅನುಪಾತದಲ್ಲಿ ಹಂಚಿ

ಅನುಪಾತ ಕೈ ಹಾಕುವುದು ಈ 4,00,000ಕ್ಕೆ ಮಾತ್ರ. 5:3:2 ಅಂದರೆ ಹತ್ತು ಭಾಗದಲ್ಲಿ ಐದು, ಮೂರು, ಎರಡು.

| | ಮಂಜಣ್ಣ | ಸುರೇಶ | ಗಿರಿಜಕ್ಕ | ಒಟ್ಟು |
|---|---|---|---|---|
| ಬಂಡವಾಳದ ಬಡ್ಡಿ | 1,20,000 | 60,000 | 20,000 | 2,00,000 |
| ಸಂಬಳ | – | 2,40,000 | 60,000 | 3,00,000 |
| ಲಾಭದ ಪಾಲು | 2,00,000 | 1,20,000 | 80,000 | 4,00,000 |
| ಒಟ್ಟು | 3,20,000 | 4,20,000 | 1,60,000 | 9,00,000 |

ಬಲಗಡೆಯ ಕೆಳಗಿನ ಮೂಲೆಯಲ್ಲಿ 9,00,000 ಬರಲೇಬೇಕು. ಬರಲಿಲ್ಲ ಅಂದರೆ ಯಾವುದೋ ಎರಡು ಸಲ ಹೋಗಿದೆ ಅಥವಾ ಬಿಟ್ಟುಹೋಗಿದೆ. ಗಿರಿಜಕ್ಕನ ಸಾಲದ ಬಡ್ಡಿ 6,000 ಈ ಪಟ್ಟಿಯಲ್ಲಿ ಇಲ್ಲ ಅನ್ನುವುದನ್ನು ಗಮನಿಸಿ. ಅದು ಆಗಲೇ ಖರ್ಚಾಗಿ ಅವರ ಸಾಲದ ಖಾತೆಗೆ ಹೋಯಿತು.

## ಹಂತ 6: ಪ್ರತಿಯೊಬ್ಬರಿಗೆ ನಿಜವಾಗಿ ಎಷ್ಟು ಬದಲಾಯಿತು ಅಂತ ಅಳೆಯಿರಿ

ಲೆಕ್ಕ ಮುಗಿಯಿತು ಅಂತ ಎಲ್ಲರೂ ಇಲ್ಲಿ ಪುಸ್ತಕ ಮುಚ್ಚುತ್ತಾರೆ. ಜಗಳ ಶುರುವಾಗುವುದೂ ಇಲ್ಲಿಯೇ. ಗಿರಿಜಕ್ಕ ಪಟ್ಟಿಯ ಮೇಲೆ ಬೆರಳಿಟ್ಟು ಕೇಳುತ್ತಾರೆ: "ಅಲ್ಲಪ್ಪ, ನಂಗೆ ತಿಂಗಳಿಗೆ ಐದು ಸಾವಿರ ಸಂಬಳ ಅಂತ ಬರೆದಿದ್ದೀರಲ್ಲ? ಸಂಬಳ ಇಲ್ಲದೇ ಇದ್ದಿದ್ರೆ ಎಷ್ಟು ಬರ್ತಿತ್ತು?"

ಲೆಕ್ಕ ಹಾಕೋಣ. ಸಂಬಳ, ಬಡ್ಡಿ ಎರಡೂ ಇಲ್ಲದೆ 9,00,000ವನ್ನು ಸೀದಾ 5:3:2ರಲ್ಲಿ ಹಂಚಿದ್ದರೆ ಮಂಜಣ್ಣನಿಗೆ 4,50,000, ಸುರೇಶನಿಗೆ 2,70,000, ಗಿರಿಜಕ್ಕನಿಗೆ 1,80,000. ಬಡ್ಡಿ ಮಾತ್ರ ಕೊಟ್ಟು ಉಳಿದ 7,00,000 ಹಂಚಿದ್ದರೆ 4,70,000, 2,70,000, 1,60,000. ಸಂಬಳವನ್ನೂ ಕೊಟ್ಟ ಮೇಲೆ 3,20,000, 4,20,000, 1,60,000.

ಗಿರಿಜಕ್ಕನ ಅಂಕಿ ನೋಡಿ. ಸಂಬಳ ಕೊಡುವ ಮುಂಚೆಯೂ 1,60,000, ಕೊಟ್ಟ ಮೇಲೂ 1,60,000. ವರ್ಷಕ್ಕೆ 60,000 ಸಂಬಳ ಬಂದೂ ಒಂದು ರೂಪಾಯಿ ಜಾಸ್ತಿ ಆಗಿಲ್ಲ. ಲೆಕ್ಕ ತಪ್ಪಿಲ್ಲ. ಇಬ್ಬರಿಗೂ ಸೇರಿ ಕೊಟ್ಟ ಸಂಬಳ 3,00,000. ಅದರಲ್ಲಿ ಹತ್ತಕ್ಕೆ ಎರಡು ಭಾಗ, ಅಂದರೆ 60,000, ಗಿರಿಜಕ್ಕನ ಲಾಭದಿಂದಲೇ ಹೋಯಿತು. ಈ ಕೈಯಲ್ಲಿ 60,000 ಬಂತು, ಆ ಕೈಯಲ್ಲಿ 60,000 ಹೋಯಿತು.

ಸುರೇಶನಿಗೂ 2,40,000 ಪೂರ್ತಿ ಲಾಭವಲ್ಲ. ಒಟ್ಟು ಸಂಬಳದ ಹತ್ತಕ್ಕೆ ಮೂರು ಭಾಗ, 90,000, ಅವನೇ ಹೊತ್ತ. ನಿಜವಾಗಿ ಸಿಕ್ಕಿದ್ದು 1,50,000. ಅದು ಪೂರ್ತಿ ಬಂದದ್ದು ಮಂಜಣ್ಣನಿಂದ: ಸಂಬಳ ಇಲ್ಲದ ಮಂಜಣ್ಣ 3,00,000ದ ಅರ್ಧ ಹೊತ್ತರು.

ಬಡ್ಡಿಯದ್ದೂ ಇದೇ ಕಥೆ. ಸುರೇಶ 60,000 ಬಡ್ಡಿ ಪಡೆದ, ಆದರೆ ಅವನ ಒಟ್ಟು ಮೊತ್ತ 2,70,000ದಿಂದ ಅಲುಗಾಡಲಿಲ್ಲ. ಯಾಕೆಂದರೆ 20 ಲಕ್ಷ ಬಂಡವಾಳದಲ್ಲಿ ಅವನದು ಶೇಕಡಾ 30, ಲಾಭದಲ್ಲೂ ಶೇಕಡಾ 30. ಬಂಡವಾಳದ ಪ್ರಮಾಣವೂ ಲಾಭದ ಪ್ರಮಾಣವೂ ಒಂದೇ ಆದವನಿಗೆ ಬಡ್ಡಿ ಶೇಕಡಾ 6 ಆದರೂ 12 ಆದರೂ ಒಂದೇ. ಮಂಜಣ್ಣನ ಬಂಡವಾಳ ಶೇಕಡಾ 60, ಲಾಭ ಶೇಕಡಾ 50, ಹಾಗಾಗಿ ಅವರಿಗೆ 20,000 ಏರಿತು. ಗಿರಿಜಕ್ಕನ ಬಂಡವಾಳ ಶೇಕಡಾ 10, ಲಾಭ ಶೇಕಡಾ 20, ಅದೇ 20,000 ಇಳಿಯಿತು. ಮೂವರ ಬಂಡವಾಳವೂ 5:3:2ರಲ್ಲೇ ಇದ್ದಿದ್ದರೆ ಬಡ್ಡಿ ಹಾಕಿದರೂ ಬಿಟ್ಟರೂ ಯಾರ ಪಾಲೂ ಬದಲಾಗುತ್ತಿರಲಿಲ್ಲ.

ಸೂತ್ರ ಸುಲಭ: ನಿಮಗೆ ಬಂದ ಸಂಬಳ ಅಥವಾ ಬಡ್ಡಿಯಿಂದ, ಎಲ್ಲರಿಗೂ ಸೇರಿ ಕೊಟ್ಟ ಒಟ್ಟು ಮೊತ್ತದಲ್ಲಿ ನಿಮ್ಮ ಲಾಭದ ಭಾಗವನ್ನು ಕಳೆಯಿರಿ. ಉಳಿದದ್ದು ನಿಜವಾದ ಏರಿಕೆ, ಮೈನಸ್ ಬಂದರೆ ಇಳಿಕೆ. ಎಕ್ಸೆಲ್‌ನಲ್ಲಿ ಎರಡನೇ ಸಾಲಿನಿಂದ ಬಿ ಕಾಲಂನಲ್ಲಿ ಮೂವರ ಸಂಬಳ, ಸಿ ಕಾಲಂನಲ್ಲಿ ಲಾಭದ ಭಾಗ (0.5, 0.3, 0.2) ಬರೆದುಕೊಂಡು ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=B2-SUM(B$2:B$4)*C2
```

ಮೂರೂ ಉತ್ತರ ಕೂಡಿಸಿದರೆ ಸೊನ್ನೆ ಬರಬೇಕು. ಯಾಕೆಂದರೆ ಒಬ್ಬರಿಗೆ ಏರಿದ್ದು ಇನ್ನೊಬ್ಬರಿಂದ ಇಳಿದದ್ದೇ.

ಹಾಗಾದರೆ ಗಿರಿಜಕ್ಕನಿಗೆ ನಿಜವಾಗಿ 60,000 ಜಾಸ್ತಿ ಸಿಗಬೇಕಾದರೆ ಸಂಬಳ ಎಷ್ಟಿರಬೇಕು? ಸುರೇಶನ ಸಂಬಳದಲ್ಲಿ ಅವರು ಹೊರುವ ಭಾಗ 48,000. ಅದನ್ನೂ ತುಂಬಿಕೊಂಡು 60,000 ಉಳಿಯಬೇಕು ಅಂದರೆ 1,08,000 ಬೇಕು. ಅವರ ಸಂಬಳದಲ್ಲಿ ಹತ್ತಕ್ಕೆ ಎರಡು ಭಾಗ ಅವರದ್ದೇ ದುಡ್ಡು, ಹೊಸದಾಗಿ ಬರುವುದು ಎಂಟು ಭಾಗ ಮಾತ್ರ. ಆದ್ದರಿಂದ 1,08,000ವನ್ನು 0.8ರಿಂದ ಭಾಗಿಸಿ: 1,35,000. ತಿಂಗಳಿಗೆ 11,250. ತಾಳೆ ನೋಡಿ: ಒಟ್ಟು ಸಂಬಳ 3,75,000, ಅದರಲ್ಲಿ ಅವರ ಭಾಗ 75,000, 1,35,000ದಿಂದ ಕಳೆದರೆ 60,000.

ಸಂಬಳ ಎಷ್ಟು ಅಂತ ಮಾತಾಡುವ ದಿನವೇ ಈ ಲೆಕ್ಕ ಮಾಡಬೇಕು. ಡೀಡಿಗೆ ಸಹಿ ಹಾಕಿದ ಮೇಲೆ ಕೇಳಿದರೆ ಅದು ಪ್ರಶ್ನೆ ಅಲ್ಲ, ತಕರಾರು ಅನ್ನಿಸಿಕೊಳ್ಳುತ್ತದೆ.

## ಹಂತ 7: ಲಾಭ ಸಾಲದ ವರ್ಷಕ್ಕೆ ಬೇರೆ ದಾರಿ

ಅಂಗಡಿ ಎದುರಿನ ರಸ್ತೆ ಅಗೆದರು, ಆರು ತಿಂಗಳು ಲಾರಿ ಒಳಗೆ ಬರಲಿಲ್ಲ ಅಂದುಕೊಳ್ಳಿ. ಲಾಭ 3,00,000ಕ್ಕೆ ಇಳಿಯಿತು. ಬಡ್ಡಿ, ಸಂಬಳ ಸೇರಿ ಕೊಡಬೇಕಾದ್ದು 5,00,000. ಈಗೇನು?

ಎಲ್ಲ ನಿಂತಿರುವುದು ಡೀಡಿನ ಒಂದು ವಾಕ್ಯದ ಮೇಲೆ. ಸಂಬಳ ಮತ್ತು ಬಡ್ಡಿ ಲಾಭದ ಹಂಚಿಕೆಯಾ, ಅಥವಾ ಲಾಭ ಇರಲಿ ಬಿಡಲಿ ಕೊಡಬೇಕಾದ ಖರ್ಚಾ?

ಡೀಡ್ ಸುಮ್ಮನಿದ್ದರೆ ಅದು ಹಂಚಿಕೆ ಅಂತಲೇ ಲೆಕ್ಕ. ಇರುವ ಲಾಭದ ಆಚೆ ಹೋಗುವಂತಿಲ್ಲ. ಯಾರಿಗೆ ಎಷ್ಟು ಬರಬೇಕಿತ್ತೋ ಆ ಪ್ರಮಾಣದಲ್ಲಿ ಇರುವಷ್ಟನ್ನು ಹಂಚಬೇಕು. ಮಂಜಣ್ಣನಿಗೆ ಬರಬೇಕಿದ್ದದ್ದು 1,20,000, ಸುರೇಶನಿಗೆ ಬಡ್ಡಿ-ಸಂಬಳ ಸೇರಿ 3,00,000, ಗಿರಿಜಕ್ಕನಿಗೆ 80,000. ಐದು ಲಕ್ಷಕ್ಕೆ ಮೂರು ಲಕ್ಷ ಇದೆ, ಅಂದರೆ ರೂಪಾಯಿಗೆ 60 ಪೈಸೆ. ಹಾಗಾಗಿ 72,000, 1,80,000, 48,000. ಅನುಪಾತಕ್ಕೆ ಇಲ್ಲಿ ಕೆಲಸವೇ ಇಲ್ಲ, ಹಂಚಲು ಏನೂ ಉಳಿದಿಲ್ಲ.

"ಲಾಭ-ನಷ್ಟ ನೋಡದೆ ಸಂಬಳ ಮತ್ತು ಬಡ್ಡಿ ಕೊಡತಕ್ಕದ್ದು" ಅಂತ ಬರೆದಿದ್ದರೆ ಐದು ಲಕ್ಷವನ್ನೂ ಕೊಡಬೇಕು. ಆಗ 2,00,000 ನಷ್ಟ. ಅದನ್ನು 5:3:2ರಲ್ಲಿ ಹೊರಬೇಕು: ಮಂಜಣ್ಣ 1,00,000, ಸುರೇಶ 60,000, ಗಿರಿಜಕ್ಕ 40,000. ಕೊನೆಗೆ ಉಳಿಯುವುದು ಮಂಜಣ್ಣನಿಗೆ 20,000, ಸುರೇಶನಿಗೆ 2,40,000, ಗಿರಿಜಕ್ಕನಿಗೆ 40,000.

ಅದೇ ಅಂಗಡಿ, ಅದೇ ಲಾಭ. ಒಂದು ವಾಕ್ಯದಿಂದ ಮಂಜಣ್ಣನಿಗೆ 52,000 ಹೋಯಿತು, ಸುರೇಶನಿಗೆ 60,000 ಬಂತು. ಗಿರಿಜಕ್ಕನಿಗೆ 8,000 ಹೋಯಿತು. ದುಡ್ಡು ಹಾಕಿ ಮನೆಯಲ್ಲಿರುವ ಪಾಲುದಾರ ಈ ವಾಕ್ಯವನ್ನು ಎರಡು ಸಲ ಓದಬೇಕು.

ಪೂರ್ತಿ ನಷ್ಟವೇ ಆದ ವರ್ಷ ಡೀಡ್ ಸುಮ್ಮನಿದ್ದರೆ ಬಡ್ಡಿಯೂ ಇಲ್ಲ, ಸಂಬಳವೂ ಇಲ್ಲ. ನಷ್ಟವನ್ನು ಅನುಪಾತದಲ್ಲಿ ಹಂಚಿದರೆ ಮುಗಿಯಿತು. ಸುರೇಶ ತಿಂಗಳು ತಿಂಗಳು ಎತ್ತಿದ 2,40,000 ಆಗ ಬರೀ ಡ್ರಾಯಿಂಗ್ಸ್ ಆಗಿ ಅವನ ಬಾಕಿಯಲ್ಲಿ ಕೂರುತ್ತದೆ. ಗಿರಿಜಕ್ಕನ ಸಾಲದ ಬಡ್ಡಿ 6,000 ಮಾತ್ರ ನಷ್ಟದ ವರ್ಷವೂ ಕೊಡಬೇಕು.

ಇಲ್ಲಿ ಆಗುವ ತಪ್ಪು: ಮೊದಲು ಬಡ್ಡಿ ಪೂರ್ತಿ ಕೊಟ್ಟು, ಉಳಿದ 1,00,000ವನ್ನು ಸಂಬಳಕ್ಕೆ ಹಾಕುವುದು. ಯಾವುದಕ್ಕೆ ಮೊದಲ ಹಕ್ಕು ಅಂತ ಡೀಡಿನಲ್ಲಿ ಬರೆದಿದ್ದರೆ ಮಾತ್ರ ಹಾಗೆ ಮಾಡಬಹುದು. ಲಾಭ ಸಾಕಷ್ಟಿದ್ದಾಗ ಈ ಎರಡರ ಹಿಂದುಮುಂದಿನಿಂದ ಏನೂ ವ್ಯತ್ಯಾಸ ಆಗುವುದಿಲ್ಲ. ಸಾಲದೆ ಹೋದಾಗ ಸುರೇಶನ ಹೊಟ್ಟೆಗೇ ಹೊಡೆಯುತ್ತದೆ.

## ಹಂತ 8: ತೆರಿಗೆ ಕಳೆದ ಮೇಲೆ ಪಾಲು ಮತ್ತೆ ಸರಿಯುತ್ತದೆ

9,00,000 ಲಾಭದ ಲೆಕ್ಕಕ್ಕೆ ವಾಪಸ್ ಬರೋಣ. ಪಾಲುದಾರಿಕೆ ಸಂಸ್ಥೆ ತನ್ನ ಆದಾಯಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್ ಕಟ್ಟುತ್ತದೆ. ಪಾಲುದಾರರಿಗೆ ಬರುವ ಲಾಭದ ಪಾಲಿಗೆ ಮತ್ತೆ ತೆರಿಗೆ ಇಲ್ಲ. ಸಂಬಳ ಮತ್ತು ಬಡ್ಡಿ ತಿರುಗುಮುರುಗು: ಸಂಸ್ಥೆಯ ಆದಾಯದಿಂದ ಕಳೆಯಬಹುದು, ಪಾಲುದಾರರ ಕೈಯಲ್ಲಿ ತೆರಿಗೆ ಬೀಳುತ್ತದೆ.

ಕಳೆಯುವುದಕ್ಕೆ ಮಿತಿ ಇದೆ. 2025-26ಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 40(ಬಿ) ಪ್ರಕಾರ ಬಡ್ಡಿ ಶೇಕಡಾ 12ರವರೆಗೆ ಮಾತ್ರ. ಸಂಬಳ ಅಂಗಡಿಯಲ್ಲಿ ದುಡಿಯುವ ಪಾಲುದಾರರಿಗೆ, ಅಂದರೆ ವರ್ಕಿಂಗ್ ಪಾರ್ಟ್‌ನರಿಗೆ ಮಾತ್ರ. ಬಡ್ಡಿ ಕಳೆದು, ಸಂಬಳ ಕಳೆಯದೆ ಇರುವ ಲಾಭದ ಮೊದಲ 6,00,000ಕ್ಕೆ ಶೇಕಡಾ 90 ಅಥವಾ 3,00,000, ಯಾವುದು ಜಾಸ್ತಿಯೋ ಅದು. ಅದರ ಮೇಲಿನದಕ್ಕೆ ಶೇಕಡಾ 60. ನಮ್ಮಲ್ಲಿ ಆ ಲಾಭ 7,00,000. ಮಿತಿ 5,40,000 ಮತ್ತು 60,000, ಒಟ್ಟು 6,00,000. ನಾವು ಕೊಟ್ಟದ್ದು 3,00,000, ಆದ್ದರಿಂದ ಪೂರ್ತಿ ಕಳೆಯಬಹುದು. ಎರಡೂ ಡೀಡಿನಲ್ಲಿ ಇರಲೇಬೇಕು. ಸಂಬಳ ಎಷ್ಟು, ಅಥವಾ ಯಾವ ರೀತಿ ಲೆಕ್ಕ ಹಾಕುವುದು ಅಂತ ಬರೆದಿರಬೇಕು. "ಪಾಲುದಾರರು ಆಗಾಗ ಒಪ್ಪಿಕೊಂಡಂತೆ" ಅಂತ ಬರೆದರೆ ತೆರಿಗೆ ಅಧಿಕಾರಿ ಒಪ್ಪುವುದಿಲ್ಲ.

ಸಂಸ್ಥೆಗೆ ಉಳಿದ ಆದಾಯ 4,00,000. ತೆರಿಗೆ 1,20,000, ಸೆಸ್ 4,800, ಒಟ್ಟು 1,24,800. ಇದು ಉಳಿದ ಲಾಭದಿಂದ ಹೋಗುವುದರಿಂದ ಅನುಪಾತದಲ್ಲೇ ಹೊರಬೇಕು: ಮಂಜಣ್ಣ 62,400, ಸುರೇಶ 37,440, ಗಿರಿಜಕ್ಕ 24,960. ಸಂಬಳ, ಬಡ್ಡಿ ಎರಡೂ ಇಲ್ಲದಿದ್ದರೆ ಸಂಸ್ಥೆ 9,00,000ಕ್ಕೆ 2,80,800 ಕಟ್ಟಬೇಕಿತ್ತು. ಹಾಗಾಗಿ ತೆರಿಗೆ ಸೇರಿಸಿ ನೋಡಿದರೆ ಗಿರಿಜಕ್ಕನ ಸಂಬಳ ಪೂರ್ತಿ ಸೊನ್ನೆಯಲ್ಲ. ಸಂಬಳ, ಬಡ್ಡಿ ಇಲ್ಲದಿದ್ದರೆ ಸಂಸ್ಥೆಯ ತೆರಿಗೆಯಲ್ಲಿ ಅವರ ಭಾಗ 56,160 ಆಗುತ್ತಿತ್ತು, ಈಗ 24,960.

ಇನ್ನೊಂದು ಬಿಟ್ಟುಹೋಗುವ ಕೆಲಸ ಟಿಡಿಎಸ್. 2025ರ ಏಪ್ರಿಲ್ 1ರಿಂದ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ, ಕಮಿಷನ್ ಎಲ್ಲ ಸೇರಿ ವರ್ಷಕ್ಕೆ 20,000 ದಾಟಿದರೆ ಕಲಂ 194ಟಿ ಪ್ರಕಾರ ಶೇಕಡಾ 10 ಹಿಡಿಯಬೇಕು. ಸುರೇಶನ 3,00,000ಕ್ಕೆ 30,000, ಮಂಜಣ್ಣನ 1,20,000ಕ್ಕೆ 12,000. ಗಿರಿಜಕ್ಕನದು ಸಾಲದ ಬಡ್ಡಿಯೂ ಸೇರಿ 86,000, ಅದಕ್ಕೆ 8,600. ದುಡ್ಡು ಕೈಗೆ ಕೊಡದೆ ಬರೀ ಬಂಡವಾಳ ಖಾತೆಗೆ ಕ್ರೆಡಿಟ್ ಮಾಡಿದರೂ ಹಿಡಿಯಲೇಬೇಕು. ಲಾಭದ ಪಾಲಿಗೆ ಟಿಡಿಎಸ್ ಇಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಇರುವುದರಿಂದ 2026-27ರಿಂದ ಮುಂದಿನ ಕಾಗದಗಳಲ್ಲಿ ಈ ಕಲಂ ಸಂಖ್ಯೆಗಳು ಬೇರೆ ಇರುತ್ತವೆ. ಡೀಡಿನಲ್ಲಿ "ಕಲಂ 40(ಬಿ) ಪ್ರಕಾರ" ಅಂತ ಇದ್ದರೆ ತಿದ್ದುಪಡಿ ಮಾಡುವಾಗ ಅದನ್ನೂ ನೋಡಿಕೊಳ್ಳಿ.

ಸುರೇಶ ತನ್ನ ರಿಟರ್ನ್ ತುಂಬುವಾಗ ಈ 2,40,000ವನ್ನು "ಸಂಬಳ" ಕಾಲಂನಲ್ಲಿ ತೋರಿಸಿ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳಲು ಹೋಗಬಾರದು. ಹೆಸರು ಸಂಬಳ ಅಂತ ಇದ್ದರೂ ತೆರಿಗೆ ಇಲಾಖೆಯ ಕಣ್ಣಿಗೆ ಅದು ವ್ಯಾಪಾರದ ಆದಾಯ.